ಕೆಲಸದ ಸೈಟಿಗೆ ಹಾಕುವ ಫೋಟೋ ಸರಿ ಬರದಿದ್ದರೆ: ಮೊದಲು ಬೆಳಕು, ಆಮೇಲೆ ಹಿನ್ನೆಲೆ, ಕೊನೆಗೆ ಕ್ರಾಪ್

ಫೋಟೋ ಚೆನ್ನಾಗಿ ಬಂದಿಲ್ಲ ಅನ್ನಿಸಿದ ತಕ್ಷಣ ಕೈ ಹೋಗುವುದು ಎಡಿಟಿಂಗ್ ಆ್ಯಪ್ ಕಡೆಗೆ. ಬ್ರೈಟ್‌ನೆಸ್ ಏರಿಸುತ್ತೇವೆ, ಹಿನ್ನೆಲೆ ಮಸುಕು ಮಾಡುತ್ತೇವೆ, ಒಂದೆರಡು ಫಿಲ್ಟರ್ ಹಾಕಿ ನೋಡುತ್ತೇವೆ. ಆದರೂ ಏನೋ ಸರಿ ಇಲ್ಲ ಅನ್ನಿಸುತ್ತಲೇ ಇರುತ್ತದೆ. ದೋಷ ಎಲ್ಲಿಂದ ಬಂತು ಅಂತ ಗೊತ್ತಾಗದೆ ತಿದ್ದಲು ಹೊರಟರೆ ಹೀಗೇ ಆಗುತ್ತದೆ.

ಮನೆಯಲ್ಲಿ ಫೋನಿನಿಂದ ಫೋಟೋ ತೆಗೆದು ಲಿಂಕ್ಡ್‌ಇನ್ ಅಥವಾ ನೌಕ್ರಿಯಂಥ ಸೈಟಿಗೆ ಹಾಕುವವರಿಗಾಗಿ ಇದನ್ನು ಬರೆದಿದ್ದೇನೆ. ಹುಡುಕುವ ಕ್ರಮ ಮುಖ್ಯ. ಬೆಳಕನ್ನು ಮೊದಲು ನೋಡಬೇಕು, ಯಾಕೆಂದರೆ ಬೆಳಕು ಸರಿ ಮಾಡಲು ನೀವು ನಿಂತ ಜಾಗ ಬದಲಾಗುತ್ತದೆ. ಜಾಗ ಬದಲಾದರೆ ಹಿನ್ನೆಲೆಯೂ ಬದಲಾಗುತ್ತದೆ. ಕ್ರಾಪ್ ಮಾತ್ರ ಕೊನೆಗೆ, ಫೋಟೋ ತೆಗೆದಾದ ಮೇಲೆ ಮಾಡುವ ಕೆಲಸ. ಹಾಗಾಗಿ ಉಳಿದೆರಡು ಸರಿ ಇಲ್ಲದೆ ಕ್ರಾಪ್ ಮಾಡುತ್ತಾ ಕೂತರೆ ಪ್ರಯೋಜನ ಇಲ್ಲ.

ಎರಡು ಪರೀಕ್ಷೆ: ಚಿಕ್ಕದಾಗಿ ನೋಡಿ, ಆಮೇಲೆ ಕಣ್ಣನ್ನು ಜೂಮ್ ಮಾಡಿ

ನಿಮ್ಮ ಬಳಿ ಈಗಿರುವ ಫೋಟೋವನ್ನೇ ತೆಗೆದುಕೊಳ್ಳಿ. ಪೂರ್ತಿ ಪರದೆಯಲ್ಲಿ ನೋಡಬೇಡಿ. ಗ್ಯಾಲರಿಯಲ್ಲಿ ಸಾಲು ಸಾಲಾಗಿ ಚಿಕ್ಕ ಚೌಕಗಳು ಕಾಣುವ ಜಾಗಕ್ಕೆ ಹೋಗಿ, ಫೋನನ್ನು ಒಂದು ಕೈ ಅಳತೆ ದೂರ ಹಿಡಿದು ನೋಡಿ. ಅಭ್ಯರ್ಥಿಗಳ ಪಟ್ಟಿ ತೆರೆದವರಿಗೆ ನಿಮ್ಮ ಮುಖ ಮೊದಲು ಕಾಣುವುದು ಹೆಚ್ಚು ಕಡಿಮೆ ಅಷ್ಟೇ ಗಾತ್ರದಲ್ಲಿ. ಆ ಚೌಕದಲ್ಲಿ ಮೊದಲು ಕಣ್ಣಿಗೆ ಬೀಳುವುದು ಮುಖವೋ, ಹಿಂದಿನ ಕಿಟಕಿಯೋ, ಗೋಡೆಯ ಕ್ಯಾಲೆಂಡರೋ? ಮುಖ ಅಲ್ಲ ಅಂದರೆ ದೋಷ ಇದೆ.

ಎರಡನೆಯ ಪರೀಕ್ಷೆ ಇದಕ್ಕೆ ಉಲ್ಟಾ. ಫೋಟೋ ತೆರೆದು ಕಣ್ಣಿನ ಕಪ್ಪು ಭಾಗ ದೊಡ್ಡದಾಗಿ ಕಾಣುವಷ್ಟು ಜೂಮ್ ಮಾಡಿ. ಅಲ್ಲಿ ಒಂದು ಬಿಳಿ ಚುಕ್ಕೆ ಇರುತ್ತದೆ. ಫೋಟೋ ತೆಗೆಯುವಾಗ ಬೆಳಕು ಎಲ್ಲಿತ್ತೋ ಅದರ ಪ್ರತಿಬಿಂಬ ಅದು. ಸ್ಟುಡಿಯೋದವರು ಬೇರೆಯವರ ಫೋಟೋ ನೋಡಿದ ಕೂಡಲೇ ಬೆಳಕು ಎಲ್ಲಿಟ್ಟಿದ್ದರು ಅಂತ ಹೇಳುವುದು ಈ ಚುಕ್ಕೆ ನೋಡಿಯೇ.

ಚುಕ್ಕೆ ಕಿಟಕಿಯ ಆಕಾರದಲ್ಲಿದ್ದು, ಗಡಿಯಾರದ ಹತ್ತು ಗಂಟೆ ಅಥವಾ ಎರಡು ಗಂಟೆಯ ಜಾಗದಲ್ಲಿದ್ದರೆ ಬೆಳಕು ಸರಿಯಾದ ಕಡೆಯಿಂದ ಬಂದಿದೆ. ಕಣ್ಣಿನ ತೀರಾ ಮೇಲಂಚಿನಲ್ಲಿ ಉದ್ದ ಗೆರೆ ಇದ್ದರೆ ಅದು ತಲೆಯ ಮೇಲಿನ ಟ್ಯೂಬ್‌ಲೈಟ್. ಚುಕ್ಕೆಯೇ ಇಲ್ಲ, ಕಣ್ಣು ಪೂರ್ತಿ ಕಪ್ಪು ಅಂದರೆ ಮುಖ್ಯ ಬೆಳಕು ನಿಮ್ಮ ಹಿಂದೆ ಇತ್ತು, ಇಲ್ಲವೇ ನೆತ್ತಿಯ ಮೇಲಿತ್ತು. ಒಂದೇ ಕಣ್ಣಲ್ಲಿ ಎರಡು ಮೂರು ಚುಕ್ಕೆ ಕಂಡರೆ ಬೇರೆ ಬೇರೆ ಬೆಳಕು ಮುಖದ ಮೇಲೆ ಬೆರೆತಿದೆ. ಇನ್ನು ಕಣ್ಣೇ ಸ್ಪಷ್ಟ ಇಲ್ಲ, ಎಲ್ಲಾ ಮಂಜು ಮಂಜು ಅಂದರೆ ಮೊದಲು ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ ಇನ್ನೊಂದು ಫೋಟೋ ತೆಗೆಯಿರಿ. ಬೆರಳಿನ ಎಣ್ಣೆ ಮೆತ್ತಿದ ಲೆನ್ಸ್ ಬೆಳಕಿನ ಸುತ್ತ ಹೊಗೆ ಮುಸುಕಿದ ಹಾಗೆ ಮಾಡುತ್ತದೆ. ಇದಕ್ಕೆ ಬೇರೆ ಔಷಧ ಬೇಕಿಲ್ಲ.

ಮುಖ ಕಪ್ಪಾಗಿದೆ, ಹಿಂದೆ ಮಾತ್ರ ಬೆಳಗಿದೆ

ಕ್ಯಾಮೆರಾ ತಾನಾಗಿಯೇ ಬೆಳಕು ಅಳೆಯುವಾಗ ಇಡೀ ಚಿತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡು, ಒಟ್ಟಾರೆ ತೀರಾ ಬಿಳಿಯೂ ಅಲ್ಲ, ತೀರಾ ಕಪ್ಪೂ ಅಲ್ಲ ಅನ್ನುವ ಮಟ್ಟಕ್ಕೆ ತರಲು ನೋಡುತ್ತದೆ. ನಿಮ್ಮ ಹಿಂದೆ ಕಿಟಕಿ ಇದ್ದರೆ ಅದು ಬಹಳ ಪ್ರಕಾಶಮಾನ. ಅದನ್ನು ತಗ್ಗಿಸಲು ಕ್ಯಾಮೆರಾ ಇಡೀ ಚಿತ್ರವನ್ನೇ ಕಪ್ಪಾಗಿಸುತ್ತದೆ. ಜೊತೆಗೆ ಮುಖವೂ ಕಪ್ಪಾಗುತ್ತದೆ. ಈಗಿನ ಫೋನುಗಳು ಮುಖ ಗುರುತಿಸಿ ಸ್ವಲ್ಪ ಸರಿಮಾಡುತ್ತವೆ, ಆದರೆ ಕಿಟಕಿ ದೊಡ್ಡದಿದ್ದರೆ ಅವೂ ಸೋಲುತ್ತವೆ.

ಕಿಟಕಿ ಇಲ್ಲದಿದ್ದರೂ ಇದೇ ದೋಷ ಬರಬಹುದು. ಅಚ್ಚ ಬಿಳಿ ಗೋಡೆಯ ಮುಂದೆ ಬಿಳಿ ಅಂಗಿ ಹಾಕಿ ನಿಂತರೆ ಚಿತ್ರದ ಮುಕ್ಕಾಲು ಪಾಲು ಬಿಳಿ. ಕ್ಯಾಮೆರಾ ಅದನ್ನು ಬೂದು ಮಾಡಲು ಹೊರಡುತ್ತದೆ, ಮುಖ ಇರುವುದಕ್ಕಿಂತ ಕಪ್ಪಾಗಿ ಬರುತ್ತದೆ. ಕಪ್ಪು ಮೈಬಣ್ಣದವರಿಗೆ ಈ ತೊಂದರೆ ಜಾಸ್ತಿ. ಕಡು ಬಣ್ಣದ ಹಿನ್ನೆಲೆ ಮುಂದೆ ಇದರ ವಿರುದ್ಧ ನಡೆಯುತ್ತದೆ, ಹಣೆ ಕೆನ್ನೆ ಬಿಳುಚಿಕೊಂಡು ಹೊಳೆಯುತ್ತವೆ. ಎರಡರಲ್ಲೂ ತಪ್ಪು ನಿಮ್ಮ ಮುಖದ್ದಲ್ಲ, ಅಳತೆಯದ್ದು.

ಯಾವ ಕಾರಣ ಅಂತ ಪತ್ತೆ ಮಾಡುವುದು ಸುಲಭ. ಕ್ಯಾಮೆರಾ ತೆರೆದು ಪರದೆಯಲ್ಲಿ ಮುಖದ ಮೇಲೆ ಒಮ್ಮೆ ಬೆರಳಿಟ್ಟು ತಟ್ಟಿ. ಮುಖ ತಕ್ಷಣ ಬೆಳಗಿ, ಹಿನ್ನೆಲೆ ಮಾತ್ರ ಪೂರ್ತಿ ಬಿಳಿಯಾಗಿ ಹೋದರೆ ಬೆಳಕು ಹಿಂದಿದೆ. ಆಗ ಸೆಟ್ಟಿಂಗ್ ಹುಡುಕಬೇಡಿ, ನೀವೇ ತಿರುಗಿ ಕಿಟಕಿಗೆ ಮುಖ ಮಾಡಿ. ಮುಖ ಬೆಳಗಿ ಹಿನ್ನೆಲೆಯೂ ಸುಮಾರಾಗಿ ಉಳಿದರೆ ಅದು ಬಿಳಿ ಗೋಡೆಯ ತೊಂದರೆ. ಹೆಚ್ಚಿನ ಫೋನುಗಳಲ್ಲಿ ತಟ್ಟಿದ ಜಾಗದ ಪಕ್ಕ ಸೂರ್ಯನ ಗುರುತು ಬರುತ್ತದೆ. ಅದನ್ನು ಸ್ವಲ್ಪ ಮೇಲೆ ಎಳೆದರೆ ಸಾಕು. ಐಫೋನಿನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ AE/AF LOCK ಅಂತ ಬರುತ್ತದೆ, ಆಮೇಲೆ ನೀವು ಅಲುಗಾಡಿದರೂ ಅಳತೆ ಬದಲಾಗುವುದಿಲ್ಲ.

ಕಪ್ಪಾದ ಫೋಟೋವನ್ನು ಆಮೇಲೆ ಆ್ಯಪ್‌ನಲ್ಲಿ ಬೆಳಗಿಸಿದರೆ ಆಗಲ್ವಾ? ಸ್ವಲ್ಪ ಮಟ್ಟಿಗೆ ಆಗುತ್ತದೆ. ಸ್ನ್ಯಾಪ್‌ಸೀಡ್ ಅನ್ನುವ ಎಡಿಟಿಂಗ್ ಆ್ಯಪ್‌ನಲ್ಲಿ Selective ಅನ್ನುವ ಉಪಕರಣ ಇದೆ. ಮುಖದ ಮೇಲೆ ಚುಕ್ಕೆ ಇಟ್ಟು, ಎರಡು ಬೆರಳಿನಿಂದ ಅದರ ವ್ಯಾಪ್ತಿ ಹೊಂದಿಸಿ, ಅಡ್ಡ ಎಳೆದರೆ ಅಷ್ಟೇ ಭಾಗ ಬೆಳಗುತ್ತದೆ. ಸಣ್ಣ ಕೊರತೆಗೆ ಇದು ಒಳ್ಳೆಯದು. ಆದರೆ ಕತ್ತಲಲ್ಲಿ ಕ್ಯಾಮೆರಾ ದಾಖಲಿಸದೇ ಇದ್ದ ವಿವರವನ್ನು ಯಾವ ಉಪಕರಣವೂ ಮರಳಿ ತರುವುದಿಲ್ಲ. ಜಾಸ್ತಿ ಏರಿಸಿದರೆ ಕೆನ್ನೆಯ ಮೇಲೆ ಮರಳು ಮರಳಾದ ಕಲೆ ಕಾಣುತ್ತದೆ, ಚರ್ಮ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದು ಕಂಡರೆ ಎಡಿಟಿಂಗ್ ನಿಲ್ಲಿಸಿ, ಇನ್ನೊಂದು ಫೋಟೋ ತೆಗೆಯಿರಿ.

ಕಣ್ಣಿನ ಕೆಳಗೆ ನೆರಳು, ಅಥವಾ ಅರ್ಧ ಮುಖ ಕತ್ತಲೆ

ಇವು ನೋಡಲು ಒಂದೇ ಥರ ಇದ್ದರೂ ಕಾರಣ ಬೇರೆ ಬೇರೆ. ಕಣ್ಣಿನ ಗುಳಿ, ಮೂಗಿನ ಕೆಳಗೆ, ಗದ್ದದ ಕೆಳಗೆ ನೆರಳು ಬಿದ್ದಿದ್ದರೆ ಬೆಳಕು ಮೇಲಿಂದ ಬಂದಿದೆ. ಒಳಗೆ ಅದು ಟ್ಯೂಬ್‌ಲೈಟ್, ಹೊರಗೆ ಮಧ್ಯಾಹ್ನದ ಬಿಸಿಲು. ನಿದ್ದೆಗೆಟ್ಟವರ ಹಾಗೆ ಕಾಣುವುದು ಇದರಿಂದಲೇ. ಕಿಟಕಿ ಅಥವಾ ಬಾಗಿಲಿನ ಬೆಳಕಿಗೆ ಹೋದರೆ ಇದು ಹೋಗುತ್ತದೆ. ಹೊರಗೇ ತೆಗೆಯಬೇಕು ಅಂದರೆ ಬಿಸಿಲಲ್ಲಿ ಬೇಡ, ಜಗಲಿಯ ನೆರಳಿನ ಅಂಚಿನಲ್ಲಿ ಹೊರಗೆ ನೋಡುತ್ತಾ ನಿಲ್ಲಿ.

ಒಂದು ಕೆನ್ನೆ ಬೆಳ್ಳಗೆ, ಇನ್ನೊಂದು ಕಪ್ಪು ಅಂದರೆ ಬೆಳಕು ತೀರಾ ಪಕ್ಕದಿಂದ ಬಂದಿದೆ, ಜೊತೆಗೆ ಬಹುಶಃ ನೀವು ಕಿಟಕಿಗೆ ತೀರಾ ಹತ್ತಿರ ಇದ್ದೀರಿ. ಕಿಟಕಿಯ ಹತ್ತಿರ ಬೆಳಕು ಬೇಗ ಬೇಗ ಕುಂದುತ್ತದೆ. ಸರಳಿಗೆ ಭುಜ ತಾಗಿಸಿಕೊಂಡು ನಿಂತರೆ ಹತ್ತಿರದ ಕೆನ್ನೆಗೂ ದೂರದ ಕೆನ್ನೆಗೂ ಬಹಳ ವ್ಯತ್ಯಾಸ ಬರುತ್ತದೆ. ಒಂದು ಮೀಟರ್ ಆಚೆ ಹೋಗಿ. ಮುಖವನ್ನು ಕಿಟಕಿಯ ಕಡೆ ಅರ್ಧ ತಿರುಗಿಸಿ, ಅಂದರೆ ಕಿಟಕಿ ನಿಮ್ಮ ನೇರ ಎದುರಿಗೂ ಪಕ್ಕಕ್ಕೂ ನಡುವೆ ಇರಲಿ. ಇನ್ನೂ ಒಂದು ಬದಿ ಕತ್ತಲಿದ್ದರೆ ಆ ಬದಿಗೆ ಬಿಳಿ ಪಂಚೆಯನ್ನೋ ಥರ್ಮೋಕೋಲ್ ಹಾಳೆಯನ್ನೋ ಹಿಡಿಯಲು ಯಾರಿಗಾದರೂ ಹೇಳಿ. ಫೋಟೋದಲ್ಲಿ ಕಾಣದಷ್ಟು ಆಚೆ, ಆದರೆ ಮುಖಕ್ಕೆ ಎರಡು ಮೂರು ಅಡಿಯೊಳಗೆ ಇರಬೇಕು. ಕಿಟಕಿಯ ಬೆಳಕು ಅದಕ್ಕೆ ತಾಗಿ ಹಿಂತಿರುಗಿ ಕತ್ತಲೆ ಕೆನ್ನೆಯನ್ನು ತುಂಬುತ್ತದೆ. ಪೂರ್ತಿ ಸಮ ಆಗಬೇಕಿಲ್ಲ. ಸ್ವಲ್ಪ ನೆರಳು ಉಳಿದರೇ ಮುಖಕ್ಕೆ ಉಬ್ಬು ತಗ್ಗು ಕಾಣುವುದು.

ಕಿಟಕಿಯಿಂದ ನೇರ ಬಿಸಿಲೇ ಮುಖದ ಮೇಲೆ ಬೀಳುತ್ತಿದ್ದರೆ ತೆಳು ಬಿಳಿ ಬಟ್ಟೆಯನ್ನು ಪರದೆಯ ಹಾಗೆ ಕಟ್ಟಿ, ಅಥವಾ ಬಿಸಿಲು ಆ ಕಡೆ ಇಲ್ಲದ ಹೊತ್ತು ನೋಡಿ. ನಮ್ಮಲ್ಲಿ ಉತ್ತರದ ಕಿಟಕಿಗೆ ವರ್ಷದ ಹೆಚ್ಚು ದಿನ ನೇರ ಬಿಸಿಲು ಬರುವುದಿಲ್ಲ. ಅದು ಇದ್ದರೆ ಅದನ್ನೇ ಬಳಸಿ.

ಕನ್ನಡಕದಲ್ಲಿ ಕಿಟಕಿಯ ಬಿಳಿ ಹೊಳಪು ಬಂದು ಕಣ್ಣು ಮುಚ್ಚಿದರೆ ಕನ್ನಡಕ ತೆಗೆಯಬೇಕಿಲ್ಲ. ದಿನವೂ ಹಾಕುವವರು ಹಾಕಿಕೊಂಡೇ ಇರಲಿ, ಸಂದರ್ಶನದ ದಿನ ಗುರುತು ಸಿಗಬೇಕಲ್ವಾ. ಕಿಟಕಿಯನ್ನು ಇನ್ನಷ್ಟು ಪಕ್ಕಕ್ಕೆ ಬಿಡಿ. ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಒಂದಿಷ್ಟು ಎತ್ತಿ, ಗಾಜು ಕೂದಲೆಳೆಯಷ್ಟು ಕೆಳಗೆ ಬಾಗುವ ಹಾಗೆ ಮಾಡಿದರೆ ಹೊಳಪು ಕೆಳಕ್ಕೆ ಜಾರಿಹೋಗುತ್ತದೆ.

ಬಣ್ಣ ಕೆಟ್ಟಿದೆ

ಮುಖ ಹಸಿರು, ನೀಲಿ ಅಥವಾ ಅರಿಶಿನ ಬಣ್ಣಕ್ಕೆ ತಿರುಗಿದ್ದರೆ ಎರಡು ಕಾರಣ ಇರಬಹುದು. ಒಂದು, ಹಗಲಿನ ಬೆಳಕಿನ ಜೊತೆ ಮನೆಯ ಲೈಟೂ ಉರಿಯುತ್ತಿತ್ತು. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ, ಹಳದಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಹಗಲಿನದ್ದು 5500ರ ಆಸುಪಾಸು. ಕ್ಯಾಮೆರಾ ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಪರಿಹಾರ ಸುಮ್ನೆ ಸ್ವಿಚ್ ಆರಿಸುವುದು. ಇನ್ನೊಂದು, ಗೋಡೆಯ ಬಣ್ಣ. ಪಿಸ್ತಾ ಹಸಿರು, ಆಕಾಶ ನೀಲಿ ಬಳಿದ ಗೋಡೆ ಹತ್ತಿರ ಇದ್ದರೆ ಅದಕ್ಕೆ ತಾಗಿದ ಬೆಳಕು ಅದೇ ಬಣ್ಣ ಹೊತ್ತು ನಿಮ್ಮ ಕೆನ್ನೆಗೆ ಬರುತ್ತದೆ.

ಇಡೀ ಫೋಟೋ ಒಂದೇ ಬಣ್ಣಕ್ಕೆ ವಾಲಿದ್ದರೆ ಸ್ನ್ಯಾಪ್‌ಸೀಡ್‌ನ White Balance ಅದನ್ನು ಸರಿ ಮಾಡುತ್ತದೆ. ಒಂದು ಕೆನ್ನೆ ಹಸಿರು, ಇನ್ನೊಂದು ನೀಲಿ ಅಂದರೆ ಮಾಡುವುದಿಲ್ಲ. ಬಣ್ಣದ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಬಹಳಷ್ಟು ಫೋನುಗಳಲ್ಲಿ ಮುಂದಿನ ಕ್ಯಾಮೆರಾದ ಬ್ಯೂಟಿ ಸೆಟ್ಟಿಂಗ್ ತಾನಾಗಿಯೇ ಆನ್ ಇರುತ್ತದೆ. ಅದು ಚರ್ಮವನ್ನು ನಯ ಮಾಡಿ, ಮೈಬಣ್ಣವನ್ನೂ ತಿಳಿ ಮಾಡುತ್ತದೆ. ಅದನ್ನು ಪೂರ್ತಿ ಸೊನ್ನೆಗೆ ಇಳಿಸಿ. ನಿಮ್ಮ ಬಣ್ಣದಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಹುಬ್ಬಿನ ಕೂದಲು ಒಂದೊಂದಾಗಿ ಕಾಣದೆ ಬಣ್ಣ ಬಳಿದ ಹಾಗೆ ಕಂಡರೆ ಆ ಸೆಟ್ಟಿಂಗ್ ಇನ್ನೂ ಆನ್ ಇದೆ ಅಂತ ತಿಳಿಯಿರಿ.

ಮೂಗು ದೊಡ್ಡದು, ಕಿವಿ ಕಾಣೆ

ಇದನ್ನು ಜನ ತಮ್ಮ ಮುಖದ ದೋಷ ಅಂದುಕೊಳ್ಳುತ್ತಾರೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಕೈ ಚಾಚಿ ಸೆಲ್ಫಿ ತೆಗೆದಾಗ ಕ್ಯಾಮೆರಾಗೆ ಮೂಗು ಬಹಳ ಹತ್ತಿರ, ಕಿವಿ ಆ ದೂರಕ್ಕೆ ಹೋಲಿಸಿದರೆ ಬಹಳ ಆಚೆ. ಹತ್ತಿರದ್ದು ಹಿಗ್ಗುತ್ತದೆ, ದೂರದ್ದು ಕುಗ್ಗುತ್ತದೆ. 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ಪ್ರಕಟಿಸಿದ ಪ್ರಕಾರ, 12 ಇಂಚಿನಿಂದ ತೆಗೆದ ಫೋಟೋದಲ್ಲಿ ಮೂಗು 5 ಅಡಿಯಿಂದ ತೆಗೆದದ್ದಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಮೂಗು ತಿದ್ದಿಸಿಕೊಳ್ಳಲು ಬರುವವರು ಸೆಲ್ಫಿ ತೋರಿಸುತ್ತಿದ್ದದ್ದೇ ಆ ಲೆಕ್ಕಕ್ಕೆ ಕಾರಣವಾಗಿತ್ತು.

ಪರಿಹಾರ ದೂರ. ಫೋನಿನ ಹಿಂದಿನ ಕ್ಯಾಮೆರಾ ಬಳಸಿ, 5 ಅಡಿ ಅಂದರೆ ಒಂದೂವರೆ ಮೀಟರ್ ಆಚೆಯಿಂದ ತೆಗೆಸಿ. 2x ಲೆನ್ಸ್ ಇದ್ದರೆ ಅದನ್ನು ಬಳಸಬಹುದು, ಇಲ್ಲದಿದ್ದರೂ ತೊಂದರೆ ಇಲ್ಲ, ಆಮೇಲೆ ಕ್ರಾಪ್ ಮಾಡುತ್ತೇವಲ್ಲ. 0.5x ಮಾತ್ರ ಬೇಡವೇ ಬೇಡ. ತೆಗೆಯಲು ಯಾರೂ ಇಲ್ಲದಿದ್ದರೆ ಫೋನನ್ನು ಕಪಾಟಿನ ಮೇಲೆ ಪುಸ್ತಕಗಳಿಗೆ ಒರಗಿಸಿ, 10 ಸೆಕೆಂಡಿನ ಟೈಮರ್ ಇಡಿ. ಲೆನ್ಸ್ ನಿಮ್ಮ ಕಣ್ಣಿನ ಎತ್ತರದಲ್ಲಿರಬೇಕು. ಕೆಳಗಿದ್ದರೆ ಮೂಗಿನ ಹೊಳ್ಳೆ ಮತ್ತು ಮೇಲಿನ ಫ್ಯಾನ್ ಎರಡೂ ಕಾಣುತ್ತವೆ. ತೀರಾ ಮೇಲಿದ್ದರೆ ಹಣೆ ದೊಡ್ಡದಾಗಿ ಭುಜ ಚಿಕ್ಕದಾಗುತ್ತದೆ.

ಹಿನ್ನೆಲೆ ಗಮನ ಎಳೆಯುತ್ತಿದೆ

ಚಿಕ್ಕ ಚೌಕದ ಪರೀಕ್ಷೆಯಲ್ಲಿ ಮುಖದ ಬದಲು ಬೇರೇನೋ ಕಣ್ಣಿಗೆ ಬಿತ್ತಲ್ಲ, ಅದು ಏನು ಅಂತ ಹೆಸರಿಸಿ. ಬಹಳ ಸಲ ಅದು ಮೂರರಲ್ಲಿ ಒಂದಾಗಿರುತ್ತದೆ: ಮುಖಕ್ಕಿಂತ ಬೆಳಗಿರುವ ಯಾವುದೋ ಜಾಗ, ಅಕ್ಷರ ಇರುವ ವಸ್ತು, ಅಥವಾ ತಲೆಯ ಹಿಂದಿನಿಂದ ಹೊರಟ ಗೆರೆ. ಕ್ಯಾಲೆಂಡರು, ಸ್ವಿಚ್‌ಬೋರ್ಡು, ಬಾಗಿಲ ಚೌಕಟ್ಟು, ಒಣಗಲು ಹಾಕಿದ ಬಟ್ಟೆ ಎಲ್ಲಾ ಇದರಲ್ಲೇ ಬಂತು. ಇವನ್ನೆಲ್ಲಾ ಅಳಿಸುವ ಮೊದಲು ಕ್ಯಾಮೆರಾ ಹಿಡಿದವರು ಎರಡು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದು ನೋಡಲಿ. ಅರ್ಧಕ್ಕರ್ಧ ಸಲ ಅಷ್ಟರಲ್ಲೇ ಮುಗಿಯುತ್ತದೆ.

ಗೋಡೆಗೆ ಬೆನ್ನು ಒರಗಿಸಿ ನಿಂತರೆ ನಿಮ್ಮ ನೆರಳು ಗೋಡೆಯ ಮೇಲೆ ಗಟ್ಟಿಯಾಗಿ ಬೀಳುತ್ತದೆ, ಬಣ್ಣ ಬಿಟ್ಟ ಕಲೆಗಳೂ ಸ್ಪಷ್ಟ ಕಾಣುತ್ತವೆ. ಒಂದೂವರೆ ಮೀಟರ್ ಮುಂದೆ ಬನ್ನಿ. ನೆರಳು ಫೋಟೋದಿಂದ ಹೊರಗೆ ಹೋಗುತ್ತದೆ, ಗೋಡೆ ತಾನಾಗಿ ಒಂದಿಷ್ಟು ಮಸುಕಾಗುತ್ತದೆ.

ಪೋರ್ಟ್ರೇಟ್ ಮೋಡ್ ಬಳಸುವವರು ಅಂಚುಗಳನ್ನು ಜೂಮ್ ಮಾಡಿ ನೋಡದೆ ಫೋಟೋ ಹಾಕಬೇಡಿ. ಫೋನು ಯಾವುದು ನೀವು, ಯಾವುದು ಹಿನ್ನೆಲೆ ಅಂತ ಅಂದಾಜು ಮಾಡಿ ಮಸುಕು ಬಳಿಯುತ್ತದೆ. ಅಂದಾಜು ತಪ್ಪುವ ಜಾಗಗಳು ಗೊತ್ತಿರುವವೇ. ಹಾರಾಡುವ ಕೂದಲು, ಕಿವಿಯ ಅಂಚು, ಜುಮುಕಿ, ಕನ್ನಡಕದ ಕಡ್ಡಿ, ಮುಡಿದ ಮಲ್ಲಿಗೆ ಇವು ಅರ್ಧ ಕರಗಿರುತ್ತವೆ. ಇನ್ನೊಂದು ಜಾಗ ಕುತ್ತಿಗೆ ಮತ್ತು ಭುಜದ ನಡುವಿನ ಸಂದು, ಅಲ್ಲಿ ಮಸುಕಾಗದ ಗೋಡೆಯ ತುಂಡು ಉಳಿದಿರುತ್ತದೆ. ಕೆಲವು ಫೋನುಗಳಲ್ಲಿ ಮಸುಕಿನ ಪ್ರಮಾಣವನ್ನು ಆಮೇಲೂ ಇಳಿಸಬಹುದು. ಇಳಿಸಿದರೂ ಅಂಚು ಸರಿಯಾಗದಿದ್ದರೆ ಸಾದಾ ಮೋಡಲ್ಲೇ ತೆಗೆಯಿರಿ. ಹಿನ್ನೆಲೆ ಕತ್ತರಿಸಿ ಆಫೀಸಿನ ಚಿತ್ರ ಅಂಟಿಸುವುದನ್ನಂತೂ ನಾನು ಯಾರಿಗೂ ಹೇಳುವುದಿಲ್ಲ. ಮುಖದ ಮೇಲೆ ಬೆಳಕು ಎಡಗಡೆಯಿಂದ, ಅಂಟಿಸಿದ ಆಫೀಸಿನಲ್ಲಿ ಬಲಗಡೆಯಿಂದ. ಕಾರಣ ಹೇಳಲು ಬಾರದಿದ್ದರೂ ನೋಡುವವರಿಗೆ ಅದು ಸುಳ್ಳು ಅಂತ ಗೊತ್ತಾಗುತ್ತದೆ.

ಒಂದು ಫೋಟೋ, ಮೊದಲಿಂದ ಕೊನೆಯವರೆಗೆ

ಹಾಸನದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಬಿ.ಕಾಂ. ಮುಗಿಸಿ ಅಕೌಂಟ್ಸ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಹಾಲ್‌ನಲ್ಲಿ ತೆಗೆದ ಸೆಲ್ಫಿ ಕಳಿಸಿ ಫೋನ್ ಮಾಡಿದಳು. "ಅಕ್ಕ, ನನ್ ಫೋನಿನ ಕ್ಯಾಮೆರಾನೇ ಸರಿ ಇಲ್ಲ ಅನ್ಸುತ್ತೆ. ಎಷ್ಟ್ ತೆಗೆದ್ರೂ ಹಿಂಗೇ ಬರುತ್ತೆ."

"ಕ್ಯಾಮೆರಾ ವಿಷ್ಯ ಆಮೇಲೆ ನೋಡೋಣ. ಕಣ್ಣು ಜೂಮ್ ಮಾಡು, ಒಳಗೆ ಏನ್ ಕಾಣ್ಸುತ್ತೆ?"

ಮೇಲಂಚಿನಲ್ಲಿ ಒಂದು ಉದ್ದ ಗೆರೆ, ಪಕ್ಕದಲ್ಲಿ ಒಂದು ಚಿಕ್ಕ ಚೌಕ. ಅಂದರೆ ತಲೆಯ ಮೇಲೆ ಟ್ಯೂಬ್‌ಲೈಟ್, ದೂರದಲ್ಲಿ ಚಿಕ್ಕ ಕಿಟಕಿ. ಗೋಡೆ ಪಿಸ್ತಾ ಹಸಿರು, ಹತ್ತಿರದ ಕೆನ್ನೆಯೂ ಹಸಿರು. ಹುಬ್ಬು ಬಳಿದ ಹಾಗಿತ್ತು, ಬ್ಯೂಟಿ ಆನ್. ಭುಜದ ಹಿಂದೆ ಸ್ವಿಚ್‌ಬೋರ್ಡು, ಅದರ ಮೇಲೆ ಕ್ಯಾಲೆಂಡರು. ಮುಖ ಚೌಕಟ್ಟನ್ನು ತುಂಬಿತ್ತು, ಅಂದರೆ ತೆಗೆದದ್ದು ಒಂದೂವರೆ ಅಡಿಯಿಂದ. ಇಷ್ಟರಲ್ಲಿ ಎಡಿಟಿಂಗಿನಿಂದ ಸರಿಯಾಗುವಂಥದ್ದು ಕ್ಯಾಲೆಂಡರ್ ಒಂದೇ. ಹಾಗಾಗಿ ಆ ಫೋಟೋ ಬಿಡು ಅಂದೆ.

ಚಿಕ್ಕಮ್ಮನ ಮನೆಯ ಮುಂಬಾಗಿಲು ಪೂರ್ವಕ್ಕಿದೆ. ಬೆಳಿಗ್ಗೆ ಅಲ್ಲಿ ನೇರ ಬಿಸಿಲು, ಸಂಜೆ ನಾಲ್ಕರ ಹೊತ್ತಿಗೆ ಅಂಗಳ ಪೂರ್ತಿ ನೆರಳು. ಆ ಹೊತ್ತಿಗೆ ಹಾಲ್‌ನ ಲೈಟೆಲ್ಲಾ ಆರಿಸಿ, ಬಾಗಿಲು ತೆರೆದು, ಹೊಸ್ತಿಲಿನ ಒಳಗೆ ಎರಡು ಹೆಜ್ಜೆ ಹಿಂದೆ ಹೊರಗೆ ಮುಖ ಮಾಡಿ ನಿಲ್ಲಲು ಹೇಳಿದೆ. ತೆರೆದ ಬಾಗಿಲು ದೊಡ್ಡ ಕಿಟಕಿಯ ಕೆಲಸವನ್ನೇ ಮಾಡುತ್ತದೆ. ಅವಳ ತಮ್ಮ ಅಂಗಳದಿಂದ ತೆಗೆದ.

ಮೊದಲ ಫೋಟೋದಲ್ಲಿ ಮುಖದ ಬೆಳಕು ಚೆನ್ನಾಗಿತ್ತು, ಎರಡು ಹೊಸ ದೋಷ ಬಂದವು. ಅಂಗಳ ಹೊಸ್ತಿಲಿಗಿಂತ ಎರಡು ಮೆಟ್ಟಿಲು ಕೆಳಗಿದೆ, ತಮ್ಮ ಕೆಳಗಿನಿಂದ ಮೇಲಕ್ಕೆ ತೆಗೆದಿದ್ದ, ಗದ್ದ ಮತ್ತು ಮೂಗಿನ ಹೊಳ್ಳೆಯೇ ಮುಂದೆ ಬಂದಿದ್ದವು. ಹಿಂದಿನ ಹಾಲ್ ಕತ್ತಲಾಗಿ ಅವಳ ಕಪ್ಪು ಕೂದಲು ಅದರಲ್ಲಿ ಸೇರಿಹೋಗಿತ್ತು, ತಲೆಯ ಅಂಚು ಎಲ್ಲಿ ಅಂತಲೇ ಗೊತ್ತಾಗುತ್ತಿರಲಿಲ್ಲ. ಮೊದಲನೆಯದಕ್ಕೆ ತಮ್ಮ ಮೇಲಿನ ಮೆಟ್ಟಿಲಿಗೆ ಬಂದು ಫೋನನ್ನು ಅಕ್ಕನ ಕಣ್ಣಿನ ಎತ್ತರಕ್ಕೆ ಹಿಡಿದ. ಅವರಿಬ್ಬರ ನಡುವೆ ಒಂದೂವರೆ ಮೀಟರ್ ಉಳಿಯಲಿ ಅಂತ ಅವಳು ಇನ್ನೊಂದು ಹೆಜ್ಜೆ ಹಿಂದೆ ಹೋದಳು. ಎರಡನೆಯದಕ್ಕೆ ತಮ್ಮ ಬಾಗಿಲಿನ ಬಲತುದಿಗೆ ಸರಿದು ಓರೆಯಾಗಿ ತೆಗೆದ. ಆಗ ಹಿಂದೆ ಬಂದದ್ದು ಊಟದ ಕೋಣೆಗೆ ಹೋಗುವ ಓಣಿಯ ಕೆನೆ ಬಣ್ಣದ ಗೋಡೆ. ಅವಳಿಂದ ಎರಡು ಮೀಟರ್ ಆಚೆ, ಅದರ ಮೇಲೆ ಏನೂ ಇಲ್ಲ. ಕೂದಲಿನ ಅಂಚು ಸ್ಪಷ್ಟವಾಯಿತು. ಓರೆಯಾದ್ದರಿಂದ ಬಾಗಿಲಿನ ಬೆಳಕು ಒಂದು ಕೆನ್ನೆಗೆ ಸ್ವಲ್ಪ ಜಾಸ್ತಿ ಬಿತ್ತು, ಅದು ಮುಖಕ್ಕೆ ಒಪ್ಪಿತು. ಹಾಕಿಕೊಂಡಿದ್ದ ಕಡು ನೀಲಿ ಕುರ್ತಾ ಗೋಡೆಗೆ ವಿರುದ್ಧವಾಗಿ ಚೆನ್ನಾಗಿ ಕಂಡಿತು.

ಕಣ್ಣಿನಲ್ಲಿ ಈಗ ಒಂದೇ ಚುಕ್ಕೆ, ಎತ್ತರದ ಬಾಗಿಲಿನ ಆಕಾರದ್ದು. ಫೋನು ಹಳೆಯದೇ.

ಕ್ರಾಪ್: ಚೌಕದೊಳಗಿನ ವೃತ್ತ

ಲಿಂಕ್ಡ್‌ಇನ್‌ನಲ್ಲಿ ನೀವು ಚೌಕದ ಫೋಟೋ ಹಾಕಿದರೂ ಕಾಣುವುದು ವೃತ್ತ. ಚೌಕದ ನಾಲ್ಕು ಮೂಲೆಗಳು ಸೇರಿ ಸುಮಾರು ಐದನೇ ಒಂದು ಭಾಗ ಕಳೆದುಹೋಗುತ್ತದೆ. ಚೌಕದಲ್ಲಿ ಸರಿ ಕಂಡ ಕ್ರಾಪ್ ವೃತ್ತದಲ್ಲಿ ಕೆಡುವುದು ಇದರಿಂದ. ಹಾನಿ ಹೆಚ್ಚಾಗಿ ಭುಜಕ್ಕೆ ಆಗುತ್ತದೆ, ತಲೆ ಪಕ್ಕಕ್ಕೆ ಸರಿದಿದ್ದರೆ ಕೂದಲಿಗೂ ಆಗುತ್ತದೆ.

ನೆತ್ತಿಯಿಂದ ಗದ್ದದವರೆಗಿನ ಎತ್ತರ ಚೌಕದ ಎತ್ತರದ ಸುಮಾರು ಶೇ 60ರಷ್ಟಿರಲಿ. ತಲೆಯ ಮೇಲೆ ಒಂದಿಷ್ಟು ಜಾಗ ಬಿಡಿ, ಕೆಳಗೆ ಕುತ್ತಿಗೆ ಮತ್ತು ಭುಜದ ಮೇಲ್ಭಾಗ ಬರಲಿ. ಕಣ್ಣುಗಳು ನಟ್ಟನಡುವಿಗಿಂತ ತುಸು ಮೇಲಿರುತ್ತವೆ. ಗದ್ದಕ್ಕೆ ಅಂಟಿಕೊಂಡು ಕತ್ತರಿಸಬೇಡಿ, ಚಿಕ್ಕದಾದಾಗ ತಲೆ ಮಾತ್ರ ತೇಲುತ್ತಿರುವ ಹಾಗೆ ಕಾಣುತ್ತದೆ. ಮುಖ ತೀರಾ ಚಿಕ್ಕದಾಗಿ ಅರ್ಧ ಮೈ ಕಾಣುತ್ತಿದ್ದರೆ ಮತ್ತೆ ಗ್ಯಾಲರಿಯ ಪರೀಕ್ಷೆ ಮಾಡಿ, ಕಣ್ಣು ಬಾಯಿ ಬೇರೆ ಬೇರೆ ಅಂತ ಗುರುತಾಗುವವರೆಗೆ ಒಳಕ್ಕೆ ಬನ್ನಿ.

ಕ್ರಾಪ್ ಮಾಡಿದ ಮೇಲೆ ಫೋಟೋ ಮಸುಕಾಗಿ ಒಡೆದು ಕಂಡರೆ ಪಿಕ್ಸೆಲ್ ಸಾಲದೆ ಹೋಗಿದೆ. ಲಿಂಕ್ಡ್‌ಇನ್ ಕೇಳುವುದು ಕನಿಷ್ಠ 400 × 400. 4000 × 3000 ಪಿಕ್ಸೆಲ್ಲಿನ ಮದುವೆಯ ಗುಂಪು ಫೋಟೋದಲ್ಲಿ ನಿಮ್ಮ ಮುಖ 150 ಪಿಕ್ಸೆಲ್ ಎತ್ತರ ಇದೆ ಅನ್ನಿ. ಅದು ಶೇ 60 ಆಗುವ ಚೌಕ ಬರೀ 250 × 250. ಸಾಲುವುದಿಲ್ಲ, ಹಿಗ್ಗಿಸಿದರೂ ಹೊಸ ವಿವರ ಹುಟ್ಟುವುದಿಲ್ಲ. ಒಂದೂವರೆ ಮೀಟರಿನಿಂದ ಸಾದಾ ಲೆನ್ಸಿನಲ್ಲಿ ತೆಗೆದ ಅಷ್ಟೇ ದೊಡ್ಡ ಫೋಟೋದಲ್ಲಿ ಮುಖ 450 ಪಿಕ್ಸೆಲ್ ಆಸುಪಾಸು ಬರುತ್ತದೆ, ಚೌಕ 750 × 750. ಧಾರಾಳ ಆಯಿತು.

ಪಿಕ್ಸೆಲ್ ಸಾಕಷ್ಟಿದ್ದ ಫೋಟೋವೂ ಒಡೆದಿದ್ದರೆ ಅದು ಬಂದ ದಾರಿ ನೋಡಿ. ಬೇರೆಯವರ ಫೋನಿನಲ್ಲಿ ತೆಗೆಸಿ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೋ ಥರ ತರಿಸಿಕೊಂಡಿದ್ದರೆ ಅದು ಕುಗ್ಗಿರುತ್ತದೆ. Document ಅಂತ ಕಳಿಸಲು ಹೇಳಿ, ಮೂಲ ಫೈಲೇ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಹಾಕುವುದು ಇನ್ನೂ ಕೆಟ್ಟದ್ದು. ಕ್ರಾಪ್ ಮಾಡಿದ್ದನ್ನು ಬೇರೆ ಹೆಸರಲ್ಲಿ ಉಳಿಸಿ, ಮೂಲ ಫೋಟೋ ಹಾಗೇ ಇರಲಿ. ಇನ್ನೊಂದು ಸೈಟು ಬೇರೆ ಅಳತೆ ಕೇಳಿದಾಗ ಅದೇ ಬೇಕಾಗುತ್ತದೆ.

ಹಾಕಿದ ಮೇಲೂ ಕಾಣುತ್ತಿಲ್ಲ

ನಿಮಗೆ ಫೋಟೋ ಕಾಣುತ್ತದೆ, ಬೇರೆಯವರಿಗೆ ಬೂದು ಬಣ್ಣದ ಖಾಲಿ ಆಕೃತಿ ಕಾಣುತ್ತದೆ ಅಂದರೆ ಅದು ಫೋಟೋದ ದೋಷವಲ್ಲ. ಲಿಂಕ್ಡ್‌ಇನ್‌ನಲ್ಲಿ ಪ್ರೊಫೈಲ್ ಫೋಟೋ ಯಾರಿಗೆ ಕಾಣಬೇಕು ಅಂತ ಆರಿಸುವ ಸೆಟ್ಟಿಂಗ್ ಇದೆ. ನಿಮ್ಮ ಪರಿಚಯದ ಬಳಗಕ್ಕೆ ಮಾತ್ರ ಅಂತ ಇದ್ದರೆ ಹೊಸ ಕಂಪನಿಯವರಿಗೆ ಅದು ಕಾಣುವುದಿಲ್ಲ. ನಿಮ್ಮ ಫೋಟೋವನ್ನೇ ತಟ್ಟಿ ತೆರೆದರೆ ಆ ಆಯ್ಕೆ ಅಲ್ಲೇ ಸಿಗುತ್ತದೆ. ಎಲ್ಲ ಸದಸ್ಯರಿಗೂ ಕಾಣುವ ಹಾಗೆ ಬದಲಿಸಿ, ನಿಮ್ಮ ಬಳಗದಲ್ಲಿ ಇಲ್ಲದ ಯಾರಾದರೊಬ್ಬರಿಗೆ ಅವರ ಫೋನಿನಲ್ಲಿ ನಿಮ್ಮ ಪುಟ ತೆರೆದು ನೋಡಲು ಹೇಳಿ.